ಉಮ್ಮನ ಮೊಣಕಾಲು, ಊರಿನ ಕಕ್ಕಸು

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಮಾತಿನ ಬರಹ ರೂಪ)

 

ಲೆಕ್ಕ ಬರೆಯುವವರನ್ನು ಮಾತಿಗೆ ಕರೆದರೆ ಊರಿಗೆ ಹಣ ಕಳಿಸುವುದು, ಬ್ಯಾಂಕ್ ಖಾತೆ, ತೆರಿಗೆ ಅಂತ ಮಾತಾಡ್ತಾರೆ ಎಂದು ನೀವು ಕಾದಿರಬಹುದು. ಇವತ್ತು ನಾವು ಮಾತಾಡುವುದು ಕಕ್ಕಸಿನ ಬಗ್ಗೆ. ಹಿಂದಿನ ಸಾಲಿನವರು ನಗ್ತಾ ಇದ್ದಾರೆ, ನಗಲಿ. ಆದರೆ ನಮ್ಮಲ್ಲಿ ಯಾರ ಮನೆಯಲ್ಲಿ ಅರುವತ್ತು ದಾಟಿದ ಉಮ್ಮನೋ ಬಾಪನೋ ಇದ್ದಾರೋ, ಅವರಿಗೆ ದಿನಕ್ಕೆ ಐದಾರು ಸಲ ನೋವು ಕೊಡುವ ಜಾಗ ಅದೇ. ಫೋನ್ ಮಾಡಿದಾಗ ಅವರು ಬಿಪಿ, ಶುಗರ್, ಔಷಧಿ ಎಲ್ಲ ಹೇಳ್ತಾರೆ. ಕಕ್ಕಸಿಗೆ ಹೋಗಿ ಏಳ್ಲಿಕ್ಕೆ ಆಗುವುದಿಲ್ಲ ಎಂಬುದನ್ನು ಮಾತ್ರ ಮಗನ ಹತ್ತಿರ ಹೇಳುವುದಿಲ್ಲ. ನಾಚಿಕೆ.

ಹೇಳದೆ ಎಂತ ಮಾಡ್ತಾರೆ? ನೀರು ಕುಡಿಯುವುದನ್ನು ಕಮ್ಮಿ ಮಾಡ್ತಾರೆ. ಸಂಜೆ ಚಾ ಬೇಡ ಅಂತಾರೆ. ರಾತ್ರಿ ಎರಡು ಸಲ ಏಳಬೇಕಾಗ್ತದೆ ಎಂದು ಮಗ್ರಿಬ್ ಆದ ಮೇಲೆ ಗಂಟಲು ಒಣಗಿದರೂ ಒಂದು ಗುಟುಕು ಕುಡಿಯುವುದಿಲ್ಲ. ಅದರಿಂದ ಮಲಬದ್ಧತೆ ಬರ್ತದೆ, ಮೂತ್ರದ ಉರಿ ಬರ್ತದೆ. ಆಮೇಲೆ ಆ ಎರಡು ಕಾಯಿಲೆಗೆ ಬೇರೆ ಬೇರೆ ಮಾತ್ರೆ. ಮೂಲ ಎಲ್ಲಿ ಉಂಟು ಅಂದರೆ ಮೊಣಕಾಲಲ್ಲಿ ಉಂಟು, ಆ ಮೊಣಕಾಲು ಬಗ್ಗಬೇಕಾದ ಜಾಗದಲ್ಲಿ ಉಂಟು.

ಇಂಡಿಯನ್ ಕಕ್ಕಸು ಒಳ್ಳೆಯದಾ, ಕಮೋಡ್ ಒಳ್ಳೆಯದಾ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಹಳೆಯದು. ಎರಡೂ ಕಡೆಯವರ ಮಾತಲ್ಲಿ ಸತ್ಯ ಉಂಟು. ಹಾಗಾಗಿ ಮೊದಲು ಇಂಡಿಯನ್ ಕಕ್ಕಸಿನ ಪರವಾಗಿಯೇ ನಾಲ್ಕು ಮಾತು ಹೇಳೋಣ.

ಕುಕ್ಕರಗಾಲಲ್ಲಿ ಕೂತಾಗ ಹೊಟ್ಟೆ ಸುಲಭವಾಗಿ ಖಾಲಿಯಾಗ್ತದೆ ಎಂದು ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ನಮ್ಮ ದೊಡ್ಡ ಕರುಳಿನ ಕೊನೆಯ ಭಾಗವನ್ನು ಒಂದು ಸ್ನಾಯು ಕೊಕ್ಕೆಯ ಹಾಗೆ ಮುಂದಕ್ಕೆ ಎಳೆದು ಹಿಡಿದಿರ್ತದೆ. ನಿಂತಾಗ, ಕುರ್ಚಿಯಲ್ಲಿ ಕೂತಾಗ ಆ ದಾರಿ ಬಾಗಿಯೇ ಇರ್ತದೆ. ಪೂರ್ತಿ ಕುಕ್ಕರಗಾಲಿಗೆ ಬಂದಾಗ ಆ ಹಿಡಿತ ಸಡಿಲವಾಗಿ ದಾರಿ ಹೆಚ್ಚು ನೇರ ಆಗ್ತದೆ, ಮುಕ್ಕುವ ಕೆಲಸ ಕಮ್ಮಿ. ಮತ್ತೆ ಮೈ ಎಲ್ಲಿಗೂ ತಾಗುವುದಿಲ್ಲ, ನೀರು ಹಾಕಿ ತೊಳೆಯಲು ಸುಲಭ, ಶುದ್ಧಿಯ ಬಗ್ಗೆ ಮನಸ್ಸಿಗೆ ಸಮಾಧಾನ. ಮೊಣಕಾಲು ಸರಿಯಾಗಿ ಬಗ್ಗುವವರಿಗೆ ಇದನ್ನು ಬಿಡಿಸುವ ಅಗತ್ಯವೇ ಇಲ್ಲ.

ಕಷ್ಟ ಆಗುವುದು ಮೊಣಕಾಲು ಸವೆದ ಮೇಲೆ. ಪೂರ್ತಿ ಕುಕ್ಕರಗಾಲಿಗೆ ಮೊಣಕಾಲು ಸುಮಾರು 130ರಿಂದ 150 ಡಿಗ್ರಿಯಷ್ಟು ಮಡಚಬೇಕು. ಕುರ್ಚಿಯಲ್ಲಿ ಕೂರಲು 90 ಡಿಗ್ರಿ ಸಾಕು. ಮೂಳೆಗಳ ತುದಿಯಲ್ಲಿರುವ ನುಣುಪಾದ ಪದರ ಸವೆದವರಿಗೆ ಮಡಚುವುದು ಹೆಚ್ಚಾದ ಹಾಗೆ ಮೊಣಕಾಲ ಚಿಪ್ಪು ತೊಡೆಯ ಮೂಳೆಗೆ ಹೆಚ್ಚು ಒತ್ತುತ್ತದೆ. ಮೊಣಕಾಲು ಬದಲಿಸುವ ಆಪರೇಶನ್ ಆದವರಿಗೆ ಹೊಸ ಕೀಲು ಸಾಮಾನ್ಯವಾಗಿ 110, 120 ಡಿಗ್ರಿಯ ಆಸುಪಾಸಿಗೆ ನಿಲ್ತದೆ. ಅವರಿಗೆ ಕುಕ್ಕರಗಾಲು ಬೇಡ ಎಂದು ಡಾಕ್ಟರೇ ಹೇಳಿ ಕಳಿಸ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ಕೂರುವುದಕ್ಕಿಂತ ಏಳುವುದು ಕಷ್ಟ. ನೆಲದ ಮಟ್ಟದಿಂದ ಏಳುವಾಗ ಇಡೀ ಮೈಯ ಭಾರವನ್ನು ತೊಡೆಯ ಮುಂಭಾಗದ ಸ್ನಾಯು ಎತ್ತಬೇಕು. ಆ ಏಳುವಿಕೆಯ ಮೊದಲ ಒಂದು ಅಡಿಯೇ ಅತ್ಯಂತ ಭಾರದ್ದು. ವಯಸ್ಸಾದವರಲ್ಲಿ ಆ ಸ್ನಾಯು ಕೂಡ ಸೊರಗಿರ್ತದೆ. ಇನ್ನೊಂದು, ಬಿಪಿಗೆ ಮಾತ್ರೆ ತಕ್ಕೊಳ್ಳುವವರು ಕುಕ್ಕರಗಾಲಿಂದ ತಟ್ಟನೆ ಎದ್ದರೆ ರಕ್ತದ ಒತ್ತಡ ಇಳಿದು ಕಣ್ಣು ಕತ್ತಲೆ ಬರ್ತದೆ. ಒದ್ದೆ ನೆಲ, ಕತ್ತಲೆ ಕಟ್ಟಿದ ಕಣ್ಣು, ನೋಯುವ ಕಾಲು. ಈ ಮೂರು ಒಟ್ಟು ಸೇರಿದರೆ ಎಂತ ಆಗ್ತದೆ ಎಂದು ಹೇಳಬೇಕಾಗಿಲ್ಲ. ಸೊಂಟದ ಮೂಳೆ ಮುರಿದು ಮಲಗಿದವರನ್ನು ನಾವೆಲ್ಲ ನೋಡಿದ್ದೇವೆ.

ಹಾಗಾದರೆ ನಿಮ್ಮ ಮನೆಯವರು ಆ ಹಂತಕ್ಕೆ ಬಂದಿದ್ದಾರಾ ಎಂದು ದೂರದಿಂದ ತಿಳಿಯುವುದು ಹೇಗೆ? ಅವರನ್ನು ಕೇಳಿದರೆ "ಎಂತ ಇಲ್ಲ ಮೋನೆ" ಅಂತಾರೆ. ಅವರನ್ನಲ್ಲ, ಕಕ್ಕಸನ್ನು ಕೇಳಬೇಕು. ತಮ್ಮನಿಗೋ ತಂಗಿಗೋ ಹೇಳಿ ವಿಡಿಯೋ ಕಾಲಲ್ಲಿ ಒಳಗೆ ಒಮ್ಮೆ ತೋರಿಸಲು ಹೇಳಿ. ನಲ್ಲಿ ಗೋಡೆಯಿಂದ ಸಡಿಲವಾಗಿ ಅಲ್ಲಾಡ್ತಾ ಉಂಟಾ? ಬಾಗಿಲ ಹಿಡಿ ಕೆಳಗೆ ಜಗ್ಗಿದೆಯಾ? ಎದುರಿನ ಗೋಡೆಯಲ್ಲಿ ಎರಡು ಅಡಿ ಎತ್ತರದಲ್ಲಿ ಕೈ ಊರಿದ ಕಲೆ ಉಂಟಾ? ಇದ್ದರೆ ಅವರು ನಲ್ಲಿ ಹಿಡಿದು, ಬಾಗಿಲು ಹಿಡಿದು ಏಳ್ತಾ ಇದ್ದಾರೆ ಎಂದು ಅರ್ಥ. ನಲ್ಲಿ ನೀರಿಗೆ ಮಾಡಿದ್ದು, ಮನುಷ್ಯನ ಭಾರಕ್ಕೆ ಅಲ್ಲ. ಇನ್ನೊಂದು ಗುರುತು, ನಮಾಝ್ ಕುರ್ಚಿಯಲ್ಲಿ ಕೂತು ಮಾಡಲು ಶುರು ಮಾಡಿದವರು. ಸುಜೂದಿಗೆ ಬಗ್ಗಲಾಗದ ಮೊಣಕಾಲು ಕಕ್ಕಸಿನಲ್ಲಿ ಮಾತ್ರ ಬಗ್ಗುವುದು ಹೇಗೆ? ಮನೆಗೆ ನಮಾಝಿನ ಕುರ್ಚಿ ಬಂತು ಅಂದರೆ ಅದೇ ವಾರ ಕಕ್ಕಸಿನ ಲೆಕ್ಕವನ್ನೂ ತೆಗೆಯಬೇಕು.

ಈಗ ಕಮೋಡಿನ ವಿಷಯ. ಇಲ್ಲಿ ನಮ್ಮವರು ಒಂದು ಕಡೆ ಎಡವುತ್ತಾರೆ. "ಕಮೋಡ್ ಇಡಿಸಿ ಆಯ್ತು" ಎಂದು ಹಣ ಕಳಿಸಿ ಸುಮ್ಮನಾಗ್ತಾರೆ. ಕಮೋಡ್ ಎಂದರೆ ಒಂದು ಕುರ್ಚಿ. ಕುರ್ಚಿ ಕೂರುವವರ ಕಾಲಿಗೆ ಸರಿಯಾಗಬೇಕು, ಏಳುವಾಗ ಕೈಗೆ ಆಧಾರ ಬೇಕು, ನೀರು ಕೈಗೆ ಸಿಗಬೇಕು. ಎತ್ತರ, ಹಿಡಿಕೆ, ನೀರು. ಈ ಮೂರು ಸರಿ ಇಲ್ಲದಿದ್ದರೆ ಉಮ್ಮ ಒಂದು ವಾರ ನೋಡಿ ಮತ್ತೆ ಹಿತ್ತಲಿನ ಹಳೆ ಕಕ್ಕಸಿಗೇ ಹೋಗ್ತಾರೆ.

ಮೊದಲನೆಯದು ಎತ್ತರ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಮೋಡಿನ ಅಂಚು ನೆಲದಿಂದ 38ರಿಂದ 40 ಸೆಂಟಿಮೀಟರ್ ಇರ್ತದೆ. ಸೀಟ್ ಹಾಕಿದರೆ ಎರಡು ಮೂರು ಸೆಂಟಿಮೀಟರ್ ಏರ್ತದೆ. ವಯಸ್ಸಾದವರಿಗೆಂದು 45ರ ಮೇಲಿನ ಎತ್ತರದ ಮಾದರಿಗಳೂ ಬರ್ತವೆ. "ಎತ್ತರ ಇದ್ದಷ್ಟು ಒಳ್ಳೆಯದು" ಎಂದು ಅದನ್ನೇ ತರುವವರಿದ್ದಾರೆ. ಐದಡಿಗೂ ಕಮ್ಮಿ ಇರುವ ನಮ್ಮ ಉಮ್ಮಂದಿರು ಅದರಲ್ಲಿ ಕೂತರೆ ಪಾದ ನೆಲಕ್ಕೆ ತಾಗದೆ ತೂಗಾಡ್ತದೆ. ತೊಡೆಯ ಅಡಿಗೆ ಸೀಟಿನ ಅಂಚು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಪಾದ ಊರದೆ ಹೊಟ್ಟೆಗೆ ಬಲ ಬರುವುದಿಲ್ಲ, ಹೊಟ್ಟೆ ಖಾಲಿಯಾಗುವುದಿಲ್ಲ. ಏಳುವಾಗ ಜಾರಿ ಇಳಿಯಬೇಕು.

ಹಾಗಾಗಿ ಅಳೆಯಬೇಕು. ಕುರ್ಚಿಯಲ್ಲಿ ಕೂರಿಸಿ, ಪಾದ ನೆಲಕ್ಕೆ ಊರಿರುವಾಗ, ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲದವರೆಗೆ ಟೇಪ್ ಹಿಡಿಯಿರಿ. ಆ ಅಳತೆಗೆ ಎರಡರಿಂದ ಐದು ಸೆಂಟಿಮೀಟರ್ ಸೇರಿಸಿದರೆ ಸೀಟಿನ ಮೇಲ್ಮೈಯ ಎತ್ತರ. ಇದರ ಜೊತೆ ಒಂದು ಪರೀಕ್ಷೆ ಮಾಡಿ. ಒಂದು ಗಟ್ಟಿಯಾದ ಮರದ ಸ್ಟೂಲ್ ಗೋಡೆಗೆ ತಾಗಿಸಿಟ್ಟು, ಅದರ ಮೇಲೆ ಹಲಗೆ ಇಟ್ಟು ಎತ್ತರ ಸ್ವಲ್ಪ ಸ್ವಲ್ಪ ಬದಲಿಸುತ್ತಾ, ಒಂದು ಕೈ ಊರಿ ಯಾವ ಎತ್ತರದಿಂದ ಅವರು ನೋವಿಲ್ಲದೆ ಏಳ್ತಾರೆ ಎಂದು ನೋಡಿ. ಪಕ್ಕದಲ್ಲಿ ಯಾರಾದರೂ ನಿಂತಿರಲಿ. ಎರಡೂ ಅಳತೆ ಹತ್ತಿರ ಹತ್ತಿರ ಬಂದರೆ ಅದೇ ನಿಮ್ಮ ಎತ್ತರ.

ಇನ್ನು ನಮ್ಮ ಮನೆಯಲ್ಲಿ ಮಾಡಿದ ಕೆಲಸವನ್ನೇ ಲೆಕ್ಕಸಮೇತ ಹೇಳ್ತೇವೆ. ನಿಮ್ಮಲ್ಲಿ ಸಂಖ್ಯೆ ಬೇರೆ ಆಗಬಹುದು, ಕ್ರಮ ಇದೇ.

ಮನೆ ಬಂಟ್ವಾಳದ ಕಡೆ, ಕೆಂಪುಕಲ್ಲಿನ ಗೋಡೆ. ಕಕ್ಕಸು ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದ. ಒಳಗೆ ಒಂದು ಮೆಟ್ಟಿಲಷ್ಟು ಎತ್ತರದ ಕಟ್ಟೆ, ಅದರ ಮೇಲೆ ಇಂಡಿಯನ್ ಪ್ಯಾನ್. ಬಾಗಿಲು ಒಳಕ್ಕೆ ತೆರೆಯುವುದು. ಉಮ್ಮನ ಮೊಣಕಾಲ ಮಡಿಕೆಯ ಎತ್ತರ 40 ಸೆಂಟಿಮೀಟರ್. ಸ್ಟೂಲಿನ ಪರೀಕ್ಷೆಯಲ್ಲಿ 43ರಿಂದ ಸರಾಗವಾಗಿ ಎದ್ದರು. ಹಾಗಾಗಿ 40ರ ಅಂಚು, ಮೂರು ಸೆಂಟಿಮೀಟರಿನ ಸೀಟ್. ಸಾಮಾನ್ಯ ಕಮೋಡೇ ಸಾಕಾಯಿತು.

ಜಾಗದ ಲೆಕ್ಕ ಅಷ್ಟು ಸುಲಭ ಇರಲಿಲ್ಲ. ನಾಲ್ಕು ಅಡಿ ಅಂದರೆ 120 ಸೆಂಟಿಮೀಟರ್. ಹಿಂದೆ ಟ್ಯಾಂಕ್ ಅಂಟಿಕೊಂಡೇ ಬರುವ ಕಮೋಡ್ ಗೋಡೆಯಿಂದ 65, 70 ಸೆಂಟಿಮೀಟರ್ ಮುಂದಕ್ಕೆ ಬರ್ತದೆ. ಉಳಿಯುವುದು 50. ಮೊಣಕಾಲು ನೋವಿನವರು ಏಳುವಾಗ ತಲೆ, ಎದೆ ಮುಂದಕ್ಕೆ ಬಾಗಬೇಕು, ಅದಕ್ಕೆ ಎದುರಿಗೆ ಕನಿಷ್ಠ 60 ಸೆಂಟಿಮೀಟರ್ ಖಾಲಿ ಜಾಗ ಬೇಕು. ಇಲ್ಲದಿದ್ದರೆ ಹಣೆ ಬಾಗಿಲಿಗೆ ಬಡಿಯುತ್ತದೆ, ಇಲ್ಲ ಅವರು ನೇರವಾಗಿ ಏಳಲು ನೋಡಿ ಹಿಂದಕ್ಕೆ ಬೀಳ್ತಾರೆ. ಹಾಗಾಗಿ ಟ್ಯಾಂಕ್ ಬೇರೆ, ಕಮೋಡ್ ಬೇರೆ ಇರುವ ಮಾದರಿ ತಂದು ಪ್ಲಾಸ್ಟಿಕ್ ಟ್ಯಾಂಕನ್ನು ಗೋಡೆಯ ಮೇಲೆ ಹಾಕಿಸಿದೆವು. ಎದುರಿಗೆ 65 ಸೆಂಟಿಮೀಟರ್ ಸಿಕ್ಕಿತು. ಬಾಗಿಲನ್ನು ಹೊರಕ್ಕೆ ತೆರೆಯುವ ಹಾಗೆ ತಿರುಗಿಸಿದೆವು. ಒಳಗೆ ಬಿದ್ದವರ ಮೈ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ಹೊರಗಿನವರು ತೆಗೆಯಲಾಗುವುದಿಲ್ಲ. ಈ ಒಂದು ಬದಲಾವಣೆ ಕಮೋಡ್ ಇಡದ ಮನೆಯಲ್ಲೂ ಮಾಡಬಹುದು.

ಕಟ್ಟೆಯನ್ನು ಪೂರ್ತಿ ತೆಗೆಸಿದೆವು. ಕಟ್ಟೆ ಉಳಿಸಿಕೊಂಡು ಅದರ ಮೇಲೆಯೇ ಕಮೋಡ್ ಇಟ್ಟರೆ ಕೆಲಸ ಅಗ್ಗ. ಆದರೆ ಕಮೋಡಿನ ಎದುರು ಕಟ್ಟೆ ಎರಡು ಅಡಿ ಮುಂದಕ್ಕೆ ಇರದಿದ್ದರೆ ಪಾದ ಅರ್ಧ ಮೇಲೆ, ಅರ್ಧ ಗಾಳಿಯಲ್ಲಿ. ಎದ್ದ ಕೂಡಲೇ ಒಂದು ಮೆಟ್ಟಿಲು ಇಳಿಯುವುದು ಅಂದರೆ ಬೀಳಲು ದಾರಿ ಮಾಡಿಕೊಟ್ಟ ಹಾಗೆ.

ಈಗ ಪ್ಲಂಬರ್ ಹತ್ತಿರ ಹೇಳಲೇಬೇಕಾದ ಮಾತು. ಇಂಡಿಯನ್ ಪ್ಯಾನಿನ ಅಡಿಯಲ್ಲಿ ನೆಲದೊಳಗೆ ಒಂದು ಬಾಗಿದ ತುಂಡು ಇರ್ತದೆ, ಟ್ರ್ಯಾಪ್. ಅದರಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತು ಗುಂಡಿಯ ವಾಸನೆ ಮೇಲೆ ಬಾರದ ಹಾಗೆ ತಡೆಯುತ್ತದೆ. ಕಮೋಡಿನ ಹೊಟ್ಟೆಯೊಳಗೇ ಅದರ ಟ್ರ್ಯಾಪ್ ಉಂಟು. ಕೆಲವು ಕೆಲಸದವರು ನೆಲ ಹೆಚ್ಚು ಒಡೆಯುವ ಕಷ್ಟ ಬೇಡ ಎಂದು ಪ್ಯಾನ್ ಮಾತ್ರ ತೆಗೆದು, ಹಳೆ ಟ್ರ್ಯಾಪನ್ನು ಹಾಗೆಯೇ ಬಿಟ್ಟು, ಮೇಲೆ ಕಮೋಡ್ ಕೂರಿಸಿ ಹೋಗ್ತಾರೆ. ಆಗ ಒಂದರ ಹಿಂದೆ ಒಂದು ಎರಡು ಟ್ರ್ಯಾಪ್, ನಡುವೆ ಗಾಳಿ ಸಿಕ್ಕಿಕೊಳ್ತದೆ. ಫ್ಲಶ್ ಮಾಡಿದರೆ ನೀರು ಮೇಲಕ್ಕೆ ಏರಿ, ಗುಳು ಗುಳು ಶಬ್ದ ಮಾಡಿ, ನಿಧಾನಕ್ಕೆ ಇಳಿಯುತ್ತದೆ. ನೆರೆಯ ಒಂದು ಮನೆಯಲ್ಲಿ ಹೀಗೆ ಆಗಿ, ಎರಡು ತಿಂಗಳಲ್ಲಿ ಕಟ್ಟಿಕೊಂಡು, ಹೊಸ ಟೈಲ್ಸ್ ಒಡೆದು ಮತ್ತೆ ಮಾಡಬೇಕಾಯಿತು. ಹಾಗಾಗಿ ಹಳೆ ಟ್ರ್ಯಾಪ್ ಹೊರಗೆ ತೆಗೆದು ಇಟ್ಟದ್ದನ್ನು ಫೋಟೋದಲ್ಲಿ ನೋಡಿದ ಮೇಲೆಯೇ ಮುಂದಿನ ಕೆಲಸ ಎಂದು ಹೇಳಿ. ನಾವು ಹಾಗೆಯೇ ಮಾಡಿಸಿದ್ದು.

ಇನ್ನೊಂದು ಅಳತೆ ಕಮೋಡ್ ಖರೀದಿಸುವ ಮೊದಲೇ ಬೇಕು. ಕೊಳವೆ ನೆಲಕ್ಕೆ ಹೋಗುವುದಾದರೆ ಎಸ್ ಟ್ರ್ಯಾಪ್ ಕಮೋಡ್, ಹಿಂದಿನ ಗೋಡೆಗೆ ಹೋಗುವುದಾದರೆ ಪಿ ಟ್ರ್ಯಾಪ್. ಎಸ್ ಟ್ರ್ಯಾಪ್ ಆದರೆ ಹಿಂದಿನ ಗೋಡೆಯಿಂದ ಕೊಳವೆಯ ಮಧ್ಯಕ್ಕೆ ಎಷ್ಟು ದೂರ ಎಂದು ಅಳೆಯಬೇಕು. ಅಂಗಡಿಯಲ್ಲಿ ಅದನ್ನು ನಾಲ್ಕು ಇಂಚು, ಒಂಬತ್ತು ಇಂಚು, ಹನ್ನೆರಡು ಇಂಚು ಎಂದು ಹೇಳ್ತಾರೆ. ಗೋಡೆಗೆ ಟೈಲ್ಸ್ ಹಾಕುವುದಿದ್ದರೆ ಟೈಲ್ಸಿನ ದಪ್ಪ ಕಳೆದು ಲೆಕ್ಕ ಹಾಕಿ. ಈ ಅಳತೆ ತಪ್ಪಿದರೆ ಕಮೋಡ್ ಗೋಡೆಗೆ ಕೂರುವುದಿಲ್ಲ, ಇಲ್ಲ ಅಡಿಯಿಂದ ನೀರು ಒಸರುತ್ತದೆ.

ದಿಕ್ಕಿನ ವಿಷಯ ನಮ್ಮವರಿಗೆ ಗೊತ್ತೇ ಉಂಟು. ಊರಲ್ಲಿ ಕಿಬ್ಲಾ ಪಶ್ಚಿಮದ ಕಡೆಗೆ, ಹಾಗಾಗಿ ಹಿರಿಯರು ಕಕ್ಕಸಿನ ಪ್ಯಾನನ್ನು ತೆಂಕು ಬಡಗು ನೋಡಿ ಇಟ್ಟಿದ್ದಾರೆ. ಕಮೋಡ್ ಯಾವುದಾದರೂ ಗೋಡೆಗೆ ಬೆನ್ನು ಕೊಟ್ಟೇ ಕೂರಬೇಕು. ಬೇರೆ ಊರಿನಿಂದ ಬಂದ ಕೆಲಸದವರಿಗೆ ಇದು ತಿಳಿಯುವುದಿಲ್ಲ, ಜಾಗ ಉಳಿಯಲಿ ಎಂದು ತಿರುಗಿಸಿ ಇಡ್ತಾರೆ. ಆಮೇಲೆ ಉಮ್ಮ ಅದರಲ್ಲಿ ಕೂರಲು ಒಪ್ಪುವುದಿಲ್ಲ, ಹಾಕಿದ ಹಣ ಹೋಯ್ತು. ಕೆಲಸ ಶುರುವಾಗುವ ಮೊದಲೇ ಯಾವ ಗೋಡೆ ಎಂದು ಸೀಮೆಸುಣ್ಣದಲ್ಲಿ ಬರೆಸಿ ಬಿಡಿ.

ಎರಡನೆಯದು ಹಿಡಿಕೆ. ಆನ್‌ಲೈನಿನಲ್ಲಿ ಟೈಲ್ಸಿಗೆ ಒತ್ತಿದರೆ ಹೀರಿ ಹಿಡಿಯುವ ರಬ್ಬರಿನ ಹಿಡಿಕೆ ಸಿಗ್ತದೆ. ಇವತ್ತು ಹಿಡಿದದ್ದು ನಾಳೆ ಕಳಚಬಹುದು, ಅದನ್ನು ನಂಬಬೇಡಿ. ಟವೆಲ್ ಹಾಕುವ ಸರಳು ಕೂಡ ಹಿಡಿಕೆ ಅಲ್ಲ. ಸ್ಟೀಲಿನ, ಅಂಗೈಗೆ ಪೂರ್ತಿ ಸಿಗುವ ದಪ್ಪದ, ಒದ್ದೆ ಕೈಗೆ ಜಾರದ ಹಿಡಿಕೆ ಬೇಕು. ನಮ್ಮ ಊರಿನ ಕೆಂಪುಕಲ್ಲು ತೂತು ತೂತಾದ ಕಲ್ಲು. ಸಣ್ಣ ಪ್ಲಾಸ್ಟಿಕ್ ಗುಬ್ಬಿಗೆ ಹಾಕಿದ ಸ್ಕ್ರೂ ಎರಡು ತಿಂಗಳಲ್ಲಿ ಕಿತ್ತು ಬರ್ತದೆ. ಉದ್ದದ ಬೋಲ್ಟನ್ನು ಕಲ್ಲಿನೊಳಗೆ ಗಟ್ಟಿ ಸಿಮೆಂಟಿನಲ್ಲಿ ಕೂರಿಸಿ, ಅದು ಪೂರ್ತಿ ಗಟ್ಟಿಯಾಗುವವರೆಗೆ ಮುಟ್ಟಬಾರದು. ನಮ್ಮಲ್ಲಿ ಒಂದು ಹಿಡಿಕೆ ಬಲಗಡೆ ಗೋಡೆಯಲ್ಲಿ ಅಡ್ಡಕ್ಕೆ, ಸೀಟಿನಿಂದ 25 ಸೆಂಟಿಮೀಟರ್ ಮೇಲೆ. ಅದನ್ನು ಒತ್ತಿ ಏಳುವುದು. ಇನ್ನೊಂದು ಅದೇ ಗೋಡೆಯಲ್ಲಿ ಸೀಟಿನ ಅಂಚಿಗಿಂತ ಒಂದು ಗೇಣು ಮುಂದೆ ನೇರಕ್ಕೆ. ಅದನ್ನು ಹಿಡಿದು ನಿಂತು, ತಲೆ ತಿರುಗುವುದು ನಿಂತ ಮೇಲೆ ಹೆಜ್ಜೆ ಇಡುವುದು. ಉಮ್ಮನಿಗೆ ಬಿಡುವ ಮೊದಲು ತಮ್ಮ ತನ್ನ ಎಂಬತ್ತು ಕಿಲೋ ಭಾರ ಹಾಕಿ ಎರಡಕ್ಕೂ ಜೋತು ನೋಡಿದ.

ಮೂರನೆಯದು ನೀರು. ನಾವು ಇಲ್ಲಿ ಶತ್ತಾಫ್ ಅನ್ನುವ ಕೈ ಶವರನ್ನು ಊರಲ್ಲಿ ಎಷ್ಟೋ ಸಲ ಕಮೋಡಿನ ಹಿಂದಿನ ಗೋಡೆಯಲ್ಲಿ ಹಾಕಿರ್ತಾರೆ. ಅದನ್ನು ತೆಗೆಯಲು ಮೈ ತಿರುಗಿಸಬೇಕು, ಆಗ ಭಾರ ಒಂದೇ ಮೊಣಕಾಲಿಗೆ ಬೀಳ್ತದೆ. ಬಲಗಡೆ, ಸೀಟಿನ ಅಂಚಿನ ನೇರಕ್ಕೆ, ಕೂತಲ್ಲೇ ಕೈಗೆ ಸಿಗುವ ಹಾಗೆ ಹಾಕಿಸಿ. ರಭಸ ಜಾಸ್ತಿ ಇದ್ದರೆ ನೀರು ಸಿಡಿದು ಬಟ್ಟೆಗೆ ತಾಗ್ತದೆ, ಬಟ್ಟೆ ನಜೀಸ್ ಆಯ್ತಾ ಎಂಬ ಸಂಶಯ ಶುರುವಾಗ್ತದೆ. "ಕಮೋಡ್ ಬೇಡ" ಎನ್ನುವ ಹಿರಿಯರ ನಿಜವಾದ ಕಾರಣ ಎಷ್ಟೋ ಸಲ ಇದೇ. ಕೆಳಗಿನ ವಾಲ್ವನ್ನು ಅರ್ಧ ಮುಚ್ಚಿ ರಭಸ ಕಮ್ಮಿ ಮಾಡಿಟ್ಟರೆ ಸಮಸ್ಯೆ ಮುಗಿಯಿತು. ಮಗ್ಗೇ ಬೇಕು ಎನ್ನುವವರಿಗೆ ಬಕೆಟನ್ನು ನೆಲದಲ್ಲಿ ಇಡಬೇಡಿ, ಒಂದು ಸ್ಟೂಲಿನ ಮೇಲೆ ಸೀಟಿನ ಮಟ್ಟಕ್ಕೆ ಇಡಿ.

ಟ್ಯಾಂಕ್ ಕೊಳ್ಳುವಾಗ ಎರಡು ಬಟನ್ ಇರುವುದನ್ನು ತಕ್ಕೊಳ್ಳಿ, ಒಂದಕ್ಕೆ ಮೂರು ಲೀಟರ್, ಇನ್ನೊಂದಕ್ಕೆ ಆರು. ಏಪ್ರಿಲ್, ಮೇಯಲ್ಲಿ ಬಾವಿ ಬತ್ತುವ ಊರು ನಮ್ಮದು. ಮಳೆಗಾಲದಲ್ಲಿ ಇಂಗುಗುಂಡಿ ಮೊದಲೇ ತುಂಬಿರ್ತದೆ, ಪ್ರತಿ ಸಲ ಹತ್ತು ಲೀಟರ್ ಸುರಿದರೆ ಅದು ತಡೆಯುವುದಿಲ್ಲ.

ಈಗ ಖರ್ಚು. ಕಮೋಡ್, ಸೀಟ್, ಟ್ಯಾಂಕ್, ಕೈ ಶವರ್ ಸೇರಿ 8,050 ರೂಪಾಯಿ. ಜಾರದ ಟೈಲ್ಸ್, ಸಿಮೆಂಟ್, ಮರಳು, ಕೊಳವೆ 5,600. ಮೇಸ್ತ್ರಿ, ಪ್ಲಂಬರ್, ಬಾಗಿಲು ತಿರುಗಿಸಿದ ಬಡಗಿ, ಎಲ್ಲರ ಕೂಲಿ 10,000. ಎರಡು ಹಿಡಿಕೆ, ಬೋಲ್ಟ್ ಸಹಿತ 2,400. ಒಟ್ಟು 26,050. ಇದರಲ್ಲಿ ಹಿಡಿಕೆಯ ಪಾಲು ಹತ್ತರಲ್ಲಿ ಒಂದೂ ಇಲ್ಲ ಎಂಬುದನ್ನು ನೋಡಿ. ಆದರೆ ಹಣ ಕಮ್ಮಿ ಬಿದ್ದಾಗ ಮನೆಯವರು ಮೊದಲು ಬಿಡುವುದು ಅದನ್ನೇ. ಕಮ್ಮಿ ಮಾಡಬೇಕಿದ್ದರೆ ಟೈಲ್ಸಿನ ಚಂದದಲ್ಲಿ ಮಾಡಿ.

ಇಷ್ಟು ಹಣ ಈಗ ಇಲ್ಲ, ಅಥವಾ ಬಾಡಿಗೆ ಮನೆ, ಒಡೆಯಲು ಆಗುವುದಿಲ್ಲ. ಅಂಥವರಿಗೆ ಇಂಡಿಯನ್ ಪ್ಯಾನಿನ ಮೇಲೆ ಇಡುವ ತೂತಿನ ಕುರ್ಚಿ ಉಂಟು. ಔಷಧಿ ಸಾಮಾನಿನ ಅಂಗಡಿಗಳಲ್ಲಿ ಕಮೋಡ್ ಕುರ್ಚಿ ಎಂದು ಸಿಗ್ತದೆ. ತರುವಾಗ ನಾಲ್ಕು ವಿಷಯ ನೋಡಿ. ಕಾಲಿನ ಎತ್ತರ ಏರಿಸಿ ಇಳಿಸುವ ಹಾಗಿರಬೇಕು. ಎರಡೂ ಕಡೆ ಕೈ ಇಡಲು ಹಿಡಿ ಇರಬೇಕು. ಕಾಲುಗಳಿಗೆ ಅಗಲವಾದ ರಬ್ಬರ್ ಬುಡ ಇರಬೇಕು, ಮತ್ತು ನಾಲ್ಕೂ ಕಾಲು ಸಮ ನೆಲದಲ್ಲಿ ಕೂರಬೇಕು. ಪ್ಯಾನಿನ ಇಳಿಜಾರಿಗೆ ಒಂದು ಕಾಲು ಬಂದರೂ ಕುರ್ಚಿ ಮಗುಚುತ್ತದೆ. ಕಕ್ಕಸಿನ ಕಟ್ಟೆ ಕಿರಿದಾಗಿದ್ದರೆ ಈ ಕುರ್ಚಿ ಅಲ್ಲಿ ಬೇಡವೇ ಬೇಡ. ಎತ್ತರದಿಂದ ಬೀಳುವಾಗ ಸಿಡಿಯುತ್ತದೆ ಎಂಬ ದೂರು ಸಹಜ. ತೂತಿನ ಕೆಳಗೆ ಪ್ಯಾನಿನವರೆಗೆ ಇಳಿಯುವ ಪ್ಲಾಸ್ಟಿಕ್ ಬಳೆ ಇರುವ ಮಾದರಿ ತಂದರೆ ಅದು ಕಮ್ಮಿ. ಮನೆಯಲ್ಲಿ ದುರಸ್ತಿ ನಡೆಯುವ ಮೂರು ದಿನವೂ ಇದೇ ಕುರ್ಚಿ ಉಪಯೋಗಕ್ಕೆ ಬರ್ತದೆ.

ಕೂರಲೂ ಆಗುವ, ಮೇಲೆ ಹತ್ತಿ ಕುಕ್ಕರಗಾಲಲ್ಲೂ ಕೂರುವ ಆಂಗ್ಲೋ ಇಂಡಿಯನ್ ಎಂಬ ಮಾದರಿ ನಮ್ಮ ಊರ ಕಡೆಯ ಹಲವು ಮನೆಗಳಲ್ಲಿ ಉಂಟು. ಮನೆಯಲ್ಲಿ ಎಲ್ಲರಿಗೂ ಆಗ್ತದೆ ಎಂದು ಅದನ್ನು ಹಾಕ್ತಾರೆ. ಮೊಣಕಾಲು ನೋವಿನವರು ಹಳೆ ಅಭ್ಯಾಸದಲ್ಲಿ ಅದರ ಮೇಲೆ ಹತ್ತಿದರೆ ಒಂದೂವರೆ ಅಡಿ ಎತ್ತರದಿಂದ ಬೀಳಬೇಕು. ಸಾಮಾನ್ಯ ಕಮೋಡಿನ ಮೇಲೆ ಹತ್ತಿದರೆ ಇನ್ನೂ ಅಪಾಯ, ಪಿಂಗಾಣಿ ಒಡೆದರೆ ಕತ್ತಿಯ ಹಾಗೆ ಕೊಯ್ಯುತ್ತದೆ. ಎರಡು ಕಕ್ಕಸು ಇರುವ ಮನೆಯಲ್ಲಿ ಒಂದನ್ನು ಇಂಡಿಯನ್ ಆಗಿಯೇ ಉಳಿಸಿ, ಉಮ್ಮನ ಕೋಣೆಗೆ ಹತ್ತಿರದ್ದನ್ನು ಮಾತ್ರ ಬದಲಿಸುವುದು ಒಳ್ಳೆಯದು.

ಕೊನೆಗೆ ಮೊದಲ ಎರಡು ಮೂರು ವಾರಗಳ ಮಾತು. ಜೀವಮಾನವಿಡೀ ಕುಕ್ಕರಗಾಲಲ್ಲಿ ಕೂತವರಿಗೆ ಕಮೋಡಿನಲ್ಲಿ ಹೊಟ್ಟೆ ಖಾಲಿಯಾದ ಹಾಗೆ ಅನಿಸುವುದಿಲ್ಲ. ನಾವು ಮೊದಲು ಹೇಳಿದ ಆ ಕೊಕ್ಕೆ ಸ್ನಾಯುವೇ ಕಾರಣ. ಹಾಗೆಂದು ಮುಕ್ಕುತ್ತಾ ಕೂರಬಾರದು. ಎದೆಯನ್ನು ಮುಂದಕ್ಕೆ ಬಗ್ಗಿಸಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿ ಕೂತರೆ ಅರ್ಧ ಕೆಲಸ ಆಗ್ತದೆ. ಪಾದದ ಅಡಿಗೆ ನಾಲ್ಕೈದು ಇಂಚಿನ ಮರದ ಮಣೆ ಇಟ್ಟರೆ ಇನ್ನೂ ಸುಲಭ. ಆದರೆ ಮಣೆ ಇಟ್ಟಾಗ ಮೊಣಕಾಲು ಸ್ವಲ್ಪ ಹೆಚ್ಚು ಮಡಚುತ್ತದೆ, ನೋವಾದರೆ ತೆಗೆದು ಬಿಡಿ. ಏಳುವ ಮೊದಲು ಮಣೆಯನ್ನು ಪಕ್ಕಕ್ಕೆ ಸರಿಸಲು ಆಗದವರಿಗೆ ಮಣೆ ಕೊಡಲೇಬೇಡಿ, ಅದೇ ಎಡವುವ ಕಲ್ಲಾಗ್ತದೆ. ಬೆಳಗ್ಗೆ ಚಾ, ತಿಂಡಿ ಆದ ಅರ್ಧ ಗಂಟೆಯೊಳಗೆ ಹೋಗುವ ಅಭ್ಯಾಸ ಮಾಡಿಸಿ, ಆಗ ಕರುಳು ತಾನಾಗಿ ಕೆಲಸ ಮಾಡ್ತದೆ. ಮೊಣಕಾಲು ಊದಿ ಬಿಸಿಯಾಗಿದ್ದರೆ, ಮಡಚಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ ಅದು ಕಮೋಡಿನಿಂದ ಪರಿಹಾರ ಆಗುವಂಥದ್ದಲ್ಲ, ಡಾಕ್ಟರಿಗೆ ತೋರಿಸಬೇಕು.

ನಮ್ಮ ಉಮ್ಮ ಮೊದಲ ಹತ್ತು ದಿನ ದೂರಿದರು. ಸೀಟ್ ತಣ್ಣಗೆ ಅಂದರು, ನೀರು ರಭಸ ಅಂದರು. ವಾಲ್ವ್ ಕಮ್ಮಿ ಮಾಡಿದ ಮೇಲೆ ನೀರಿನ ದೂರು ನಿಂತಿತು. ಒಂದು ತಿಂಗಳಾದ ಮೇಲೆ ತಂಗಿ ಫೋನಲ್ಲಿ ಹೇಳಿದ ಮಾತು ಇಷ್ಟೇ, "ಉಮ್ಮ ಈಗ ರಾತ್ರಿ ಊಟಕ್ಕೆ ನೀರು ಕೇಳ್ತಾರೆ." ನಮಗೆ ಬೇಕಾದ ಲೆಕ್ಕ ಅದರಲ್ಲೇ ಇತ್ತು.

ಬರುವ ಶುಕ್ರವಾರ ಊರಿಗೆ ಫೋನ್ ಮಾಡುವಾಗ ಮೊಣಕಾಲು ಹೇಗಿದೆ ಎಂದು ಕೇಳಬೇಡಿ. ರಾತ್ರಿ ಎಷ್ಟು ನೀರು ಕುಡೀತೀರಿ ಎಂದು ಕೇಳಿ. ಆಮೇಲೆ ತಮ್ಮನಿಗೆ ಹೇಳಿ ಕಕ್ಕಸಿನ ನಲ್ಲಿ ಅಲ್ಲಾಡಿಸಿ ತೋರಿಸಲು ಹೇಳಿ. ಅಳತೆ ಹಾಕುವುದರಲ್ಲಿ, ಖರ್ಚಿನ ಪಟ್ಟಿ ಮಾಡುವುದರಲ್ಲಿ ಸಂಶಯ ಇದ್ದವರು ಕೂಟ ಮುಗಿದ ಮೇಲೆ ಬನ್ನಿ, ಟೇಪ್ ಕಿಸೆಯಲ್ಲೇ ಉಂಟು.